ತಮಾಷೆ ಎಲ್ಲಿಯವರೆಗೆ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯ ಮೊದಮೊದಲ ಬ್ಯಾಚುಗಳಲ್ಲಿ ಓದಿದವನು ನಾನು. ಆಮೇಲೆ ಮಾಸ್ತರನಾಗಿ ಸಿದ್ದಾಪುರ, ಯಲ್ಲಾಪುರ, ಕೊನೆಗೆ ಶಿರಸಿ ಎಂದು ಮೂರೂ ತಾಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದೇನೆ. ಸಂಘಟಕರು ನನಗೆ ‘ಸ್ನೇಹ’ದ ಬಗ್ಗೆ ಮಾತಾಡಿ ಎಂದರು. ವಿಷಯ ದೊಡ್ಡದು, ಕೊಟ್ಟ ಸಮಯ ಚಿಕ್ಕದು. ಅದಕ್ಕೇ ಅದರ ಒಂದು ಮೂಲೆಯನ್ನು ಮಾತ್ರ ಹಿಡಿದುಕೊಂಡಿದ್ದೇನೆ. ಯಾವಾಗಲೂ ನಮ್ಮನ್ನೇ ಹಾಸ್ಯದ ವಸ್ತು ಮಾಡುವ ಗೆಳೆಯನೊಬ್ಬನಿರುತ್ತಾನಲ್ಲ, ಅವನ ಬಗ್ಗೆ. ಅವನ ತಮಾಷೆ ಎಲ್ಲಿಯವರೆಗೆ ತಮಾಷೆ, ಎಲ್ಲಿಂದ ಮುಂದೆ ಅದು ಅಗೌರವ ಎಂಬುದರ ಬಗ್ಗೆ.

ಈ ವಿಷಯ ಯಾಕೆ ಎಂದರೆ, ಇಂಥ ಸಮಾವೇಶದಲ್ಲಿ ಅದು ತಾನಾಗಿ ಎದ್ದು ಬರುತ್ತದೆ. ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. ನಲವತ್ತು ವರ್ಷಗಳ ಹಿಂದಿನ ಅಡ್ಡಹೆಸರುಗಳು ಎಲ್ಲ ಕಡೆ ಕೇಳುತ್ತಿವೆ. ಹೆಚ್ಚಿನವರು ಆ ಹೆಸರು ಕೇಳಿ ಖುಷಿಯಿಂದ ತಿರುಗಿ ನೋಡುತ್ತಾರೆ. ಆದರೆ ಪ್ರತಿ ಬ್ಯಾಚಿನಲ್ಲೂ ಇಂಥ ಸಭೆಗೆ ಬರದೇ ಉಳಿಯುವವರು ಕೆಲವರಿರುತ್ತಾರೆ. ಅವರಲ್ಲಿ ಒಬ್ಬಿಬ್ಬರಾದರೂ ಆ ಹೆಸರಿಗೆ ಹೆದರಿ ಬರದವರು.

ನಮ್ಮ ಘಟ್ಟದ ಮೇಲಿನ ಜನರಿಗೆ ತಮಾಷೆ ಊಟದಲ್ಲಿ ಉಪ್ಪಿನಕಾಯಿ ಇದ್ದ ಹಾಗೆ. ಅಡಕೆ ಸುಲಿಯುವ ಜಗಲಿಯಲ್ಲಿ ಮೆಟ್ಟುಗತ್ತಿಯ ಜೊತೆಗೆ ನಾಲಿಗೆಯೂ ಓಡದಿದ್ದರೆ ರಾತ್ರಿ ಹತ್ತಕ್ಕೇ ಎಲ್ಲರಿಗೂ ನಿದ್ದೆ ಬರುತ್ತದೆ. ತಮಾಷೆಯನ್ನೇ ಬಿಟ್ಟುಬಿಡಿ ಎಂದು ಹೇಳಲು ನಾನು ನಿಂತಿಲ್ಲ. ಚೇಷ್ಟೆ ಮಾಡುವಷ್ಟು ಸಲಿಗೆ ಇಲ್ಲದ ಕಡೆ ಸ್ನೇಹವೂ ಅಷ್ಟಕ್ಕಷ್ಟೇ. ನಾನು ಕೇಳುವುದು ಇಷ್ಟೇ: ಸಲಿಗೆಯ ಮಾತನ್ನೂ ಚುಚ್ಚುಮಾತನ್ನೂ ಬೇರೆ ಮಾಡುವುದು ಹೇಗೆ? ಎರಡಕ್ಕೂ ಜನ ನಗುತ್ತಾರೆ. ಆದ್ದರಿಂದ ನಗುವನ್ನು ನೋಡಿ ಹೇಳಲು ಬರುವುದಿಲ್ಲ.

ಮೊದಲನೆಯದಾಗಿ ನಮ್ಮ ಮದುವೆ ಮನೆಯ ಹಾಡುಗಳನ್ನು ನೆನಪಿಸಿಕೊಳ್ಳಿ. ಬೀಗರನ್ನು ಗೇಲಿ ಮಾಡುವ ಹಾಡುಗಳನ್ನು ನಮ್ಮ ಅಜ್ಜಿಯರು ಎಷ್ಟು ಚೆನ್ನಾಗಿ ಹೇಳುತ್ತಿದ್ದರು! ಗಂಡಿನ ತಾಯಿಯ ನಡಿಗೆ, ಬೀಗರ ಜಿಪುಣತನ, ದಿಬ್ಬಣದವರ ಹಸಿವು, ಯಾವುದನ್ನೂ ಬಿಡುತ್ತಿರಲಿಲ್ಲ. ಆದರೂ ಸಂಬಂಧ ಕೆಡುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಸರದಿ ಇತ್ತು. ಈ ಕಡೆಯವರು ಒಂದು ಹಾಡು ಹೇಳಿದರೆ ಆ ಕಡೆಯವರು ಅದಕ್ಕೆ ಉತ್ತರ ಹೇಳುತ್ತಿದ್ದರು. ಉತ್ತರ ಹೇಳಲು ಅವರಿಗೆ ಜಾಗವೂ ಇತ್ತು, ಹಕ್ಕೂ ಇತ್ತು. ಉತ್ತರ ಚುರುಕಾಗಿದ್ದರೆ ಮೊದಲು ಹಾಡಿದವರೇ ನಕ್ಕು ಒಪ್ಪುತ್ತಿದ್ದರು. ಇನ್ನೊಂದು, ಅದಕ್ಕೆ ಹೊತ್ತು ಗೊತ್ತಿತ್ತು. ಚಪ್ಪರದ ಹಾಡು ಚಪ್ಪರದಲ್ಲೇ ಮುಗಿಯುತ್ತಿತ್ತು. ಮಾರನೇ ದಿನ ಅದೇ ಹಾಡನ್ನು ಪೇಟೆಯಲ್ಲಿ ನಿಂತು ಯಾರೂ ಹೇಳುತ್ತಿರಲಿಲ್ಲ.

ಇದನ್ನೇ ಮೊದಲ ಅಳತೆ ಮಾಡಿಕೊಳ್ಳಿ. ಗೆಳೆಯರ ಗುಂಪಿನಲ್ಲಿ ಸರದಿ ಇದೆಯೇ? ಇವತ್ತು ಅವನು ನನ್ನನ್ನು ಗೇಲಿ ಮಾಡಿದ, ನಾಳೆ ನಾನು ಅವನನ್ನು ಗೇಲಿ ಮಾಡಿದರೆ ಅವನೂ ನಗುತ್ತಾನೆಯೇ? ಅಥವಾ ನಾನು ಬಾಯಿ ತೆರೆದ ಕೂಡಲೇ ‘ಓಹೋ, ಇವನೂ ಮಾತಾಡ್ತಾನೆ’ ಎಂದು ಅದರ ಮೇಲೇ ಇನ್ನೊಂದು ತಮಾಷೆ ಬರುತ್ತದೆಯೇ? ತಿಂಗಳುಗಟ್ಟಲೆ ಒಬ್ಬನೇ ಹೇಳುವವನು, ಒಬ್ಬನೇ ಹೇಳಿಸಿಕೊಳ್ಳುವವನು ಎಂದಾದರೆ ಅದು ಆಟವಲ್ಲ. ಆಟದಲ್ಲಿ ಎಲ್ಲರಿಗೂ ಪಾಳಿ ಬರುತ್ತದೆ.

ಇದರ ಜೊತೆಗೇ ಇನ್ನೊಂದನ್ನು ಗಮನಿಸಬೇಕು. ಇಬ್ಬರೇ ಇದ್ದಾಗ ಅವನು ಹೇಗಿರುತ್ತಾನೆ? ಕೆಲವರು ನಮ್ಮ ಜೊತೆ ಒಬ್ಬರೇ ಇದ್ದಾಗ ಬಹಳ ಒಳ್ಳೆಯವರು. ಕಷ್ಟ ಸುಖ ಕೇಳುತ್ತಾರೆ, ಸಾಲವನ್ನೂ ಕೊಡುತ್ತಾರೆ. ಮೂರನೆಯವನು ಬಂದು ನಿಂತ ಕೂಡಲೇ ಅವರ ದನಿ ಬದಲಾಗುತ್ತದೆ, ನಮ್ಮ ಕಥೆ ಶುರುವಾಗುತ್ತದೆ. ಇಬ್ಬರೇ ಇದ್ದಾಗ ಬಾರದ ತಮಾಷೆ ನಾಲ್ಕು ಜನರೆದುರು ಮಾತ್ರ ಬರುತ್ತದೆ ಎಂದರೆ, ಅದನ್ನು ಅವನು ನಮಗಾಗಿ ಹೇಳುತ್ತಿಲ್ಲ. ಆ ನಾಲ್ಕು ಜನರ ಕಣ್ಣಲ್ಲಿ ತಾನು ಎತ್ತರವಾಗಬೇಕು, ಅದಕ್ಕೆ ನಮ್ಮ ಹೆಗಲು ಅವನಿಗೆ ಏಣಿ.

ಎರಡನೆಯ ಅಳತೆ, ಮಾತು ಯಾವುದಕ್ಕೆ ತಾಗುತ್ತಿದೆ ಎಂಬುದು. ನಾನು ಮಾಡಿದ್ದಕ್ಕೋ, ನಾನು ಆಗಿರುವುದಕ್ಕೋ? ಪರೀಕ್ಷೆಯ ದಿನ ಪೆನ್ನು ಮರೆತು ಬಂದೆ, ಮದುವೆ ಊಟದಲ್ಲಿ ಎಂಟು ಹೋಳಿಗೆ ತಿಂದೆ, ಹೇಳಿ ನಗಲಿ. ಅವು ನನ್ನ ಕೆಲಸಗಳು, ನಾಳೆ ಬೇರೆ ರೀತಿ ಮಾಡಬಹುದು. ಆದರೆ ನನ್ನ ಮೈಬಣ್ಣ, ಕುಂಟುವ ಕಾಲು, ತೊದಲುವ ನಾಲಿಗೆ, ಅಪ್ಪನ ಕಸುಬು, ಹುಟ್ಟಿದ ಕೇರಿ, ಇವುಗಳನ್ನು ನಾನು ನಾಳೆ ಬದಲಾಯಿಸಲಾರೆ. ಅವುಗಳ ಮೇಲೆ ನಗುವವನು ನಾನು ಇರುವುದನ್ನೇ ನೋಡಿ ನಗುತ್ತಾನೆ.

ಯಲ್ಲಾಪುರದ ಕಡೆ ಕೆಲಸ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಸಮುದಾಯದ ಜನರಿದ್ದಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಇಂದು ಅವರು ಕನ್ನಡವನ್ನೂ ಕೊಂಕಣಿಯನ್ನೂ ನಮ್ಮ ಹಾಗೆಯೇ ಆಡುವ ನಮ್ಮೂರಿನವರೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಆದರೂ ಆ ಮಕ್ಕಳು ಎಂಟನೇ ತರಗತಿಗೆ ಹೊಸ ಶಾಲೆಗೆ ಬಂದ ಮೊದಲ ವಾರವೇ ಕೂದಲಿನ ಮೇಲೆ ಒಂದು ತಮಾಷೆ ಹುಟ್ಟಿಕೊಳ್ಳುತ್ತಿತ್ತು. ಹೇಳಿದ ಹುಡುಗನನ್ನು ಕರೆದು ಕೇಳಿದರೆ, ‘ಸರ್, ಅವ ನನ್ನ ದೋಸ್ತ, ಪ್ರೀತಿಂದ ಹೇಳ್ದೆ’ ಎನ್ನುತ್ತಿದ್ದ. ಸುಳ್ಳೂ ಅಲ್ಲ, ಇಬ್ಬರೂ ಒಟ್ಟಿಗೇ ಆಡುವವರು. ಆದರೆ ಒಂದು ವ್ಯತ್ಯಾಸ ಅವನಿಗೆ ಕಾಣುತ್ತಿರಲಿಲ್ಲ. ಹೇಳುವವನಿಗೆ ಆ ಮಾತು ಅಂದೇ ಹೊಳೆದ ಹೊಸ ಮಾತು. ಕೇಳುವವನು ಅದನ್ನು ಅಂಗನವಾಡಿಯಿಂದ ಕೇಳುತ್ತಾ ಬಂದಿದ್ದಾನೆ, ಬಸ್ಸಿನಲ್ಲಿ ಕೇಳಿದ್ದಾನೆ, ಸಂತೆಯಲ್ಲಿ ಕೇಳಿದ್ದಾನೆ. ಗೆಳೆಯನ ಬಾಯಲ್ಲೂ ಅದೇ ಬಂದಾಗ, ಇಲ್ಲಿಯೂ ನಾನು ಮೊದಲು ಕೂದಲೇ, ಆಮೇಲೆ ಮನುಷ್ಯ ಎಂದು ಅವನಿಗೆ ಗೊತ್ತಾಗುತ್ತದೆ.

ಕಾನೂನಿಗೂ ಈ ಗಡಿ ಗೊತ್ತಿದೆ. ಕರ್ನಾಟಕ ಶಿಕ್ಷಣ ಕಾಯ್ದೆ 1983 ರ‍್ಯಾಗಿಂಗನ್ನು ವಿವರಿಸುವಾಗ, ತಮಾಷೆಗಾಗಿ ಮಾಡಿದರೂ ಸರಿಯೇ, ಒಬ್ಬ ವಿದ್ಯಾರ್ಥಿಯ ಘನತೆಗೆ ಕುಂದು ತರುವ, ಅವನನ್ನು ನಗೆಪಾಟಲಿಗೆ ಗುರಿಮಾಡುವ ಕೆಲಸವನ್ನು ಅವನಿಂದ ಮಾಡಿಸಕೂಡದು ಎನ್ನುತ್ತದೆ. ‘ತಮಾಷೆಗೆ ಮಾಡಿದ್ದು’ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಆದರೆ ಗೆಳೆಯರ ನಡುವಿನ ಎಲ್ಲ ನೋವೂ ಕಾಯ್ದೆಯ ಹತ್ತಿರ ಹೋಗುವಂಥದ್ದಲ್ಲ. ಹೋಗಲೂಬಾರದು. ಅದಕ್ಕೆ ನಮಗೆ ಮೂರನೆಯ ಅಳತೆ ಬೇಕು, ಮತ್ತು ಅದೇ ಮುಖ್ಯವಾದದ್ದು: ‘ಸಾಕು’ ಎಂದಾಗ ಅವನು ಏನು ಮಾಡುತ್ತಾನೆ?

ಇದಕ್ಕೆ ನಾವೆಲ್ಲ ಬಲ್ಲ ಪುರಾಣದ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ಊರು ನಮ್ಮದು, ಹೆಚ್ಚು ವಿವರಿಸಬೇಕಾಗಿಲ್ಲ.

ಭಾಗವತದ ದಶಮ ಸ್ಕಂಧದಲ್ಲಿ ಕೃಷ್ಣ ಒಂದು ದಿನ ರುಕ್ಮಿಣಿಯನ್ನು ಚೇಷ್ಟೆ ಮಾಡುತ್ತಾನೆ. ರಾಜಕುಮಾರರು ನಿನ್ನನ್ನು ಬಯಸಿ ಬಂದಿದ್ದರು, ಶಿಶುಪಾಲನಂಥವರನ್ನು ಬಿಟ್ಟು ನನ್ನಂಥವನನ್ನು ಯಾಕೆ ಆರಿಸಿದೆ, ಈಗಲಾದರೂ ನಿನಗೆ ತಕ್ಕವನನ್ನು ನೋಡಿಕೋ ಎನ್ನುತ್ತಾನೆ. ಅವಳು ಉತ್ತರ ಕೊಟ್ಟಾಳು, ಅದನ್ನು ಕೇಳಬೇಕು ಎಂಬುದು ಅವನ ಆಸೆ. ಆದರೆ ರುಕ್ಮಿಣಿ ಅದನ್ನು ನಿಜವೆಂದೇ ತಿಳಿದಳು. ಕೈಯಲ್ಲಿದ್ದ ಚಾಮರ ಜಾರಿತು, ಗಾಳಿಗೆ ಸಿಕ್ಕ ಬಾಳೆಯ ಹಾಗೆ ಬಿದ್ದುಬಿಟ್ಟಳು. ಆಗ ಕೃಷ್ಣ ಏನು ಮಾಡಿದ ಎಂಬುದು ನೋಡಬೇಕಾದದ್ದು. ‘ಅಯ್ಯೋ, ಇಷ್ಟಕ್ಕೇ ಬಿದ್ದೆಯಾ’ ಎಂದು ಇನ್ನೊಂದು ತಮಾಷೆ ಸೇರಿಸಲಿಲ್ಲ. ಮಂಚದಿಂದ ಇಳಿದ, ಎತ್ತಿದ, ಕಣ್ಣೊರೆಸಿದ, ನಿನ್ನ ಮಾತು ಕೇಳುವ ಆಸೆಯಿಂದ ಹಾಗೆ ಆಡಿದೆ ಎಂದು ತಿಳಿಹೇಳಿದ. ತಮಾಷೆ ತಪ್ಪಿ ತಾಗಿತು, ತಾಗಿದ್ದು ಕಂಡ ಕ್ಷಣವೇ ನಿಂತಿತು. ಗೆಳೆಯರ ನಡುವೆ ಹೀಗಾಗುವುದು ಸಹಜ. ಎಲ್ಲಿ ತಾಗುತ್ತದೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾದ ಮೇಲೆ ಏನು ಮಾಡುತ್ತಾರೆ ಎಂಬುದೇ ಲೆಕ್ಕ.

ಇನ್ನೊಂದು ಶಲ್ಯನ ಕಥೆ. ಕರ್ಣನ ರಥಕ್ಕೆ ಶಲ್ಯ ಸಾರಥಿ. ರಥ ಹೊರಟ ಮೇಲೆ ಅವನ ಬಾಯಿಂದ ಬರುವುದೆಲ್ಲ ಚುಚ್ಚುಮಾತೇ. ವೈಶ್ಯನ ಮಕ್ಕಳು ಹಾಕಿದ ಎಂಜಲು ತಿಂದು ಕೊಬ್ಬಿದ ಕಾಗೆಯೊಂದು ಹಂಸದ ಜೊತೆ ಹಾರಲು ಹೋಗಿ ಸಮುದ್ರದಲ್ಲಿ ಮುಳುಗುವ ಹಾಗಾದ ಕಥೆಯನ್ನು ಎಷ್ಟು ರಸವತ್ತಾಗಿ ಹೇಳುತ್ತಾನೆ! ಕೇಳುವವರಿಗೆ ನಗು ಬರುತ್ತದೆ. ಆದರೆ ಆ ಕಾಗೆ ಯಾರು ಎಂಬುದು ಕರ್ಣನಿಗೂ ಗೊತ್ತು, ಶಲ್ಯನಿಗೂ ಗೊತ್ತು. ಕರ್ಣ ಸಿಟ್ಟಿನಿಂದ ಮದ್ರದೇಶದವರನ್ನೆಲ್ಲ ಬೈದ, ದುರ್ಯೋಧನನೇ ನಡುವೆ ಬಂದು ಸಮಾಧಾನ ಮಾಡಬೇಕಾಯಿತು. ಶಲ್ಯ ಹೀಗೆ ಮಾಡಿದ್ದು ಆಕಸ್ಮಿಕವಲ್ಲ. ಯುದ್ಧಕ್ಕೆ ಮೊದಲೇ ಅವನು ಧರ್ಮರಾಯನಿಗೆ ಮಾತು ಕೊಟ್ಟಿದ್ದ, ಕರ್ಣನ ತೇಜಸ್ಸನ್ನು ಕುಂದಿಸುತ್ತೇನೆ ಎಂದು. ಇದಕ್ಕೇ ತೇಜೋವಧೆ ಎಂಬ ಹೆಸರು. ಬಾಣ ಎದುರಿನಿಂದ ಬರುತ್ತದೆ, ಕವಚ ಹಾಕಿಕೊಳ್ಳಬಹುದು. ಈ ಮಾತು ಬರುವುದು ನಮ್ಮದೇ ರಥದಲ್ಲಿ, ನಮ್ಮ ಕುದುರೆಯ ಲಗಾಮು ಹಿಡಿದು ಕುಳಿತವನಿಂದ. ಗೆಳೆಯನ ಗೇಲಿ ಪರಕೀಯನ ಬೈಗುಳಕ್ಕಿಂತ ಹೆಚ್ಚು ನೋಯಿಸುವುದು ಇದಕ್ಕೇ. ನಮ್ಮ ದುರ್ಬಲ ಜಾಗ ಯಾವುದು ಎಂದು ಅವನಿಗೆ ಗೊತ್ತು. ನಾವೇ ನಂಬಿ ತೋರಿಸಿದ್ದು.

ನಮ್ಮ ಗೆಳೆಯರಲ್ಲಿ ಹೆಚ್ಚಿನವರು ಶಲ್ಯರಲ್ಲ. ಯಾರಿಗೂ ಮಾತು ಕೊಟ್ಟು ಬಂದವರಲ್ಲ. ಆದರೆ ‘ಸಾಕು’ ಎಂದ ಮೇಲೂ ಅದೇ ಜಾಗಕ್ಕೆ ಅದೇ ಮಾತು ಬರುತ್ತಿದ್ದರೆ, ಹೇಳುವವನ ಉದ್ದೇಶ ಏನೇ ಇರಲಿ, ಕೇಳುವವನಿಗೆ ಆಗುವುದು ತೇಜೋವಧೆಯೇ.

ಈಗ ಒಂದು ನಡೆದ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾವ ಶಾಲೆ, ಯಾರ ಮಕ್ಕಳು ಎಂಬುದು ಬೇಡ. ಇಬ್ಬರು ಹುಡುಗರು, ಒಂದೇ ಊರಿನವರು, ಒಂಬತ್ತನೇ ತರಗತಿ. ದಿನಾ ಒಟ್ಟಿಗೆ ನಡೆದು ಬರುವವರು. ದಾರಿಯಲ್ಲಿ ಒಂದು ಹಳ್ಳ, ಅದಕ್ಕೊಂದು ಅಡಕೆ ದಬ್ಬೆಯ ಕಾಲುಸಂಕ. ಮಳೆಗಾಲದ ಒಂದು ಬೆಳಿಗ್ಗೆ ಒಬ್ಬ ಜಾರಿ ಹಳ್ಳಕ್ಕೆ ಬಿದ್ದ. ಪಾಟೀಚೀಲ, ಛತ್ರಿ ಸಮೇತ. ಇನ್ನೊಬ್ಬನೇ ಕೈಕೊಟ್ಟು ಎಳೆದ. ಶಾಲೆಗೆ ಬಂದು ಅವನು ಆ ಕಥೆಯನ್ನು ಹೇಳಿದ ರೀತಿಗೆ ಇಡೀ ವರ್ಗ ನಕ್ಕಿತು. ಬಿದ್ದವನೇ ಎಲ್ಲರಿಗಿಂತ ಜೋರಾಗಿ ನಕ್ಕ, ‘ಛತ್ರಿ ಮಾತ್ರ ಬಿಡಲಿಲ್ಲ ನಾನು’ ಎಂದು ತಾನೂ ಒಂದು ಮಾತು ಸೇರಿಸಿದ. ಇಲ್ಲಿಯವರೆಗೆ ಇದು ಒಳ್ಳೆಯ ತಮಾಷೆ. ಕೈಹಿಡಿದು ಎಳೆದವನಿಗೆ ನಗುವ ಹಕ್ಕೂ ಇತ್ತು.

ತಿಂಗಳೊಳಗೆ ಬಿದ್ದವನ ಹೆಸರು ‘ಸಂಕ’ ಎಂದಾಯಿತು. ನಡೆದದ್ದು ಒಂದು ದಿನದ ಮಾತು, ಹೆಸರು ದಿನದಿನದ ಮಾತು. ಆದರೂ ಅವನು ನಗುತ್ತಲೇ ಇದ್ದ.

ಕೊನೆ ಕೊಯ್ಲು ಶುರುವಾಯಿತು. ಬಿದ್ದವನ ಅಪ್ಪ ಕೊನೆಗೌಡ, ಊರಿನವರ ತೋಟಗಳಲ್ಲಿ ಮರ ಹತ್ತಿ ಕೊನೆ ಇಳಿಸುವವರು. ಒಂದು ಮರದ ತುದಿಯಿಂದ ಇಳಿಯದೇ ಪಕ್ಕದ ಮರಕ್ಕೆ ದಾಟುವ ಕೈಗಾರಿಕೆ ಅವರದು. ಇನ್ನೊಬ್ಬನ ಮನೆಯಲ್ಲಿ ಅಡಕೆ ಸುಲಿಯುವ ರಾತ್ರಿ ಈ ಹುಡುಗನೂ ಸುಲಿಯಲು ಹೋಗಿದ್ದ. ಅಲ್ಲಿ ದೊಡ್ಡವರೆದುರು ಹೊಸ ಮಾತು ಹುಟ್ಟಿತು: ‘ಅಪ್ಪಂಗೆ ಐವತ್ತಡಿ ಮರ ಸಲೀಸು, ಮಗಂಗೆ ಐದಡಿ ಸಂಕ ಕಷ್ಟ.’ ಜಗಲಿ ತುಂಬ ನಗು. ಹುಡುಗ ತಲೆ ತಗ್ಗಿಸಿ ಸುಲಿಯುತ್ತಾ ಕುಳಿತ. ದಾರಿಯಲ್ಲಿ ‘ಅಪ್ಪನ ವಿಷಯ ಬೇಡ ಮಾರಾಯಾ’ ಎಂದೂ ಹೇಳಿದ. ‘ಹೊಗಳಿದ್ದಲ್ಲವೋ ಅದು’ ಎಂದು ಉತ್ತರ ಬಂತು.

ಜನವರಿಯಲ್ಲಿ ಶಾಲೆಯ ಗ್ಯಾದರಿಂಗು. ಗೆಳೆಯನಿಗೆ ಐದು ನಿಮಿಷದ ಹಾಸ್ಯ ಕಾರ್ಯಕ್ರಮ. ಸಂಕದ ಕಥೆಯನ್ನೇ ಅಭಿನಯಿಸಿದ. ಕೊನೆಯಲ್ಲಿ ಅಪ್ಪನೂ ಬಂದರು, ಮರದಿಂದ ಮರಕ್ಕೆ ಹಾರುವ ಮಂಗನ ನಡೆಯಲ್ಲಿ. ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ, ದಿನದ ಕೆಲಸ ಬೇಗ ಮುಗಿಸಿ, ತೊಳೆದ ಅಂಗಿ ಹಾಕಿಕೊಂಡು ಆ ಅಪ್ಪ ಕುಳಿತಿದ್ದರು.

ಒಂದು ತಮಾಷೆ ಆರು ತಿಂಗಳಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ನಡೆದ ಘಟನೆಯಿಂದ ಹೆಸರಿಗೆ, ಗೆಳೆಯರ ನಡುವಿನಿಂದ ಜಗಲಿಗೆ, ಮಗನಿಂದ ಅಪ್ಪನ ಹೊಟ್ಟೆಪಾಡಿಗೆ, ಜಗಲಿಯಿಂದ ವೇದಿಕೆಗೆ. ಒಂದೊಂದು ಹೆಜ್ಜೆಯೂ ಚಿಕ್ಕದೇ. ಆದ್ದರಿಂದಲೇ ದಾಟಿದ್ದು ದಾಟಿದವನಿಗೆ ತಿಳಿಯಲಿಲ್ಲ. ಆದರೆ ಗಡಿ ಯಾವುದೆಂದು ಕೇಳಿದರೆ ನಾನು ಗ್ಯಾದರಿಂಗನ್ನು ತೋರಿಸುವುದಿಲ್ಲ. ಅಡಕೆ ಸುಲಿದು ಮರಳುವಾಗ ‘ಅಪ್ಪನ ವಿಷಯ ಬೇಡ’ ಎಂದನಲ್ಲ, ಅದೇ ಗಡಿ. ಅದಕ್ಕೆ ಮೊದಲಿನದು ಗೊತ್ತಿಲ್ಲದೆ ಆದದ್ದು, ಆಮೇಲಿನದು ಗೊತ್ತಿದ್ದೂ ಮಾಡಿದ್ದು.

ಗ್ಯಾದರಿಂಗಿನ ನಂತರ ಆ ಹುಡುಗ ಪ್ರಾರ್ಥನೆ ಮುಗಿದ ಮೇಲೆ ಶಾಲೆಗೆ ಬರತೊಡಗಿದ. ಹಾಜರಿ ಪುಸ್ತಕದಲ್ಲಿ ಗೈರು ಇಲ್ಲ, ಆದರೆ ದಿನಾ ತಡ. ವಿಚಾರಿಸಿದರೆ, ಸಂಕದ ದಾರಿ ಬಿಟ್ಟು ಡಾಂಬರು ರಸ್ತೆಯ ಸುತ್ತಿನ ದಾರಿಯಲ್ಲಿ ಒಬ್ಬನೇ ಬರುತ್ತಿದ್ದ. ವರ್ಗದಲ್ಲಿ ಎದ್ದು ನಿಂತು ಪಾಠ ಓದುವುದನ್ನೂ ಬಿಟ್ಟಿದ್ದ. ಮಾಸ್ತರುಗಳಿಗೂ ತಂದೆತಾಯಿಗಳಿಗೂ ಇದನ್ನೇ ಹೇಳುವುದು: ತಮಾಷೆ ತಾಗಿದ ಮಗು ಅಳುತ್ತಾ ಬಂದು ದೂರು ಹೇಳುವುದಿಲ್ಲ. ದಾರಿ ಬದಲಾಯಿಸುತ್ತದೆ, ಬೆಂಚು ಬದಲಾಯಿಸುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ದೊಡ್ಡವರೂ ಹಾಗೆಯೇ. ಒಬ್ಬ ಗೆಳೆಯನನ್ನು ಕಾಣುವ ಮೊದಲು ‘ಇವತ್ತು ಏನು ಹೇಳುತ್ತಾನೋ’ ಎಂದು ಮನಸ್ಸಿನಲ್ಲೇ ಉತ್ತರ ಕಟ್ಟಿಕೊಂಡು ಹೋಗುವ ಹಾಗಾಗಿದ್ದರೆ, ಅಲ್ಲಿ ಸಲಿಗೆ ಮುಗಿದಿದೆ.

ನಾನು ಗೆಳೆಯನನ್ನು ವರ್ಗದಲ್ಲಿ ಎಬ್ಬಿಸಿ ಗದರಿಸಲಿಲ್ಲ. ಗದರಿಸಿದ್ದರೆ ಎಲ್ಲರೂ ತಿರುಗಿ ನೋಡುತ್ತಿದ್ದದ್ದು ಬಿದ್ದವನನ್ನೇ. ‘ಸರ್‌ಗೆ ಹೇಳಿಕೊಟ್ಟವ’ ಎಂಬ ಇನ್ನೊಂದು ಹೆಸರು ಅವನಿಗೆ ಸಿಗುತ್ತಿತ್ತು. ಸಂಜೆ ಹುಡುಗನನ್ನು ಒಬ್ಬನನ್ನೇ ಕರೆದು ಕೇಳಿದೆ, ‘ಅವನು ಯಾವುದನ್ನು ನಿಲ್ಲಿಸಬೇಕು, ನೀನೇ ಹೇಳು.’ ತುಂಬ ಹೊತ್ತು ಯೋಚಿಸಿ ಅವನು ಅಂದ, ‘ಬಿದ್ದದ್ದು ಹೇಳ್ಲಿ ಸರ್, ನಾ ಬಿದ್ದದ್ದು ಖರೆ. ಅಪ್ಪನ್ನ ತರೂದು ಬ್ಯಾಡ.’

ಎಷ್ಟು ಸರಿಯಾಗಿ ಗೆರೆ ಎಳೆದಿದ್ದ ನೋಡಿ. ಹೇಳಬೇಕಾದದ್ದೂ ಅಷ್ಟೇ ಎಂದೆ. ‘ನೀನು ಯಾವಾಗಲೂ ಹೀಗೇ’ ಎಂದರೆ ಜಗಳ ಶುರುವಾಗುತ್ತದೆ, ‘ಯಾವಾಗಲೂ ಎಲ್ಲಿ’ ಎಂದು ಲೆಕ್ಕ ಕೇಳುತ್ತಾನೆ. ಯಾವ ಮಾತು ಬೇಡ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಇಬ್ಬರೇ ಇದ್ದಾಗ ಹೇಳಬೇಕು. ಜನರೆದುರು ಹೇಳಿದರೆ ಅವನಿಗೆ ಸೋಲಲು ಮನಸ್ಸು ಬರುವುದಿಲ್ಲ, ತಮಾಷೆಯನ್ನೇ ಗುರಾಣಿ ಮಾಡಿಕೊಳ್ಳುತ್ತಾನೆ. ನಗುತ್ತಾ ಹೇಳಬಾರದು. ನಗುತ್ತಾ ಹೇಳಿದ ‘ಬೇಡ’ ಎಂಬುದು ‘ಇನ್ನೊಮ್ಮೆ ಹೇಳು’ ಎಂದು ಕೇಳಿಸುತ್ತದೆ. ಅಡಕೆ ಸುಲಿದ ರಾತ್ರಿ ಆದದ್ದೂ ಅದೇ ಇರಬೇಕು, ‘ಮಾರಾಯಾ’ ಎಂದು ಸೇರಿಸಿ ಮೆತ್ತಗೆ ಮಾಡಿದ್ದ.

ಮರುದಿನ ಅವನು ಸಂಕದ ದಾರಿಯಲ್ಲೇ ಬಂದ. ದಾರಿಯಲ್ಲಿ ಹೇಳಿದ, ‘ನಮ್ಮಪ್ಪನ ಮೇಲೆ ತಮಾಷೆ ಮಾಡಬೇಡ.’ ಬಂದದ್ದು ನಮಗೆಲ್ಲ ಪರಿಚಯದ ಉತ್ತರ, ‘ತಮಾಷೆಗೆ ಹೇಳಿದ್ದೋ, ಅಷ್ಟಕ್ಕೇ ಮುಖ ಊದಿಸ್ಕೊಂಡ್ರೆ ಹೆಂಗೆ?’ ಇಲ್ಲಿ ಹೆಚ್ಚಿನವರು ಸಿಕ್ಕಿಬೀಳುತ್ತಾರೆ. ನನಗೆ ತಮಾಷೆ ಗೊತ್ತಾಗುತ್ತದೆ ಎಂದು ಸಾಧಿಸಲು ಹೊರಡುತ್ತಾರೆ. ಮಾತು ಅವನ ತಪ್ಪಿನಿಂದ ನಮ್ಮ ಸ್ವಭಾವಕ್ಕೆ ಜಾರಿಬಿಡುತ್ತದೆ. ಹುಡುಗ ವಾದ ಮಾಡಲಿಲ್ಲ. ‘ಇರಬಹುದು. ಅಪ್ಪನ ಮೇಲೆ ಬೇಡ’ ಎಂದು ಅದೇ ಮಾತನ್ನು ಇನ್ನೊಮ್ಮೆ ಹೇಳಿ ನಡೆದ. ಎರಡು ದಿನ ಇಬ್ಬರೂ ಮಾತಾಡಲಿಲ್ಲ. ಮೂರನೆಯ ದಿನದಿಂದ ಆ ಮಾತು ಗೆಳೆಯನ ಬಾಯಲ್ಲಿ ಬರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟು ಹೊತ್ತಿಗೆ ಮಂಗನ ನಡೆ ಬೇರೆ ಹುಡುಗರ ಕಾಲಿಗೆ ಬಂದಿತ್ತು. ಗೆಳೆಯ ನಿಲ್ಲಿಸಿದರೂ ಊರು ನಿಲ್ಲಿಸಲಿಲ್ಲ. ಬಿತ್ತಿದವನೇ ಕಳೆ ಕೀಳಬೇಕಾಯಿತು. ಒಂದು ದಿನ ಕಬಡ್ಡಿ ಅಂಗಳದಲ್ಲಿ ಯಾರೋ ಆ ನಡೆ ನಡೆದಾಗ ಗೆಳೆಯನೇ ಅಂದ, ‘ಸಾಕು, ಅದು ನಾ ಶುರು ಮಾಡಿದ್ದು, ಚಲೋ ಇರಲಿಲ್ಲ.’ ಅವನ ಮಾತಿಗೆ ಅಲ್ಲಿ ಬೆಲೆ ಇತ್ತು, ಆದ್ದರಿಂದ ಕಡಿಮೆಯಾಯಿತು. ಪೂರ್ತಿ ನಿಲ್ಲಲು ಅವರು ಹತ್ತನೇ ತರಗತಿ ಮುಗಿಸಬೇಕಾಯಿತು. ಇಂದು ಇಬ್ಬರೂ ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ಹೋಗುತ್ತಾರೆ. ಮೊದಲಿನ ಹಾಗೆ ದಿನಾ ಒಟ್ಟಿಗೆ ನಡೆಯುವ ಗೆಳೆತನ ಮಾತ್ರ ಮರಳಿ ಬರಲಿಲ್ಲ. ಹೇಳಿಕೊಂಡರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಹೇಳಿಕೊಂಡದ್ದರಿಂದ ಆ ಹುಡುಗ ಸಂಕದ ದಾರಿಯಲ್ಲಿ ತಲೆ ಎತ್ತಿ ನಡೆದ, ಅಷ್ಟು ಸತ್ಯ.

ಎರಡು ಸಲ ಸ್ಪಷ್ಟವಾಗಿ ಹೇಳಿದ ಮೇಲೂ ಮೂರನೆಯ ಸಲ ಅದೇ ಬಂದರೆ? ಆಗ ಮಾತಿನ ಕೆಲಸ ಮುಗಿಯಿತು. ನಗದೇ ಇರಬೇಕು, ಆ ಜಾಗದಿಂದ ಎದ್ದು ಬರಬೇಕು, ಅವನಿಗೆ ನಮ್ಮ ಮನೆಯ ಸುದ್ದಿ ಹೇಳುವುದನ್ನು ಕಡಿಮೆ ಮಾಡಬೇಕು. ಬೈದು ಸ್ನೇಹ ಮುರಿಯಬೇಕೆಂದಿಲ್ಲ. ದೂರ ಅಳೆದುಕೊಂಡರೆ ಸಾಕು. ಹಾಗೆಯೇ ಎದುರು ಬದಿಯನ್ನೂ ಹೇಳಬೇಕು. ನಾವು ಒಮ್ಮೆಯೂ ‘ಬೇಡ’ ಎನ್ನದೆ, ಮುಖದ ಮೇಲೆ ನಗು ಇಟ್ಟುಕೊಂಡು, ಒಳಗೆ ಹತ್ತು ವರ್ಷ ಲೆಕ್ಕ ಬರೆಯುತ್ತಾ ಕುಳಿತರೆ ಅದು ಗೆಳೆಯನಿಗೂ ನ್ಯಾಯವಲ್ಲ. ಅವನಿಗೆ ಕೃಷ್ಣನಾಗುವ ಅವಕಾಶವನ್ನಾದರೂ ಒಮ್ಮೆ ಕೊಡಬೇಕು.

ಕೊನೆಯದಾಗಿ, ಪಕ್ಕದಲ್ಲಿ ಕುಳಿತು ನಗುವ ನಮ್ಮ ಬಗ್ಗೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಇಬ್ಬರು ಅರ್ಥಧಾರಿಗಳು ಎದುರುಬದುರು ಕುಳಿತು ಸ್ಥಳದಲ್ಲೇ ಮಾತು ಹುಟ್ಟಿಸುತ್ತಾ ವಾದಿಸುತ್ತಾರೆ. ವಾಲಿ ರಾಮನನ್ನು ಎಷ್ಟು ಬೇಕಾದರೂ ಹೀಯಾಳಿಸಬಹುದು. ಆದರೆ ವಾಲಿಯ ಅರ್ಥ ಹೇಳುವವರು ರಾಮನ ಅರ್ಥ ಹೇಳುವವರ ಊರು, ಉದ್ಯೋಗ, ಮೈಕಟ್ಟಿಗೆ ಕೈಹಾಕಿದರೆ ಬಲ್ಲ ಪ್ರೇಕ್ಷಕರು ಮುಖ ಸಿಂಡರಿಸುತ್ತಾರೆ. ಪಾತ್ರ ಬಿಟ್ಟು ವ್ಯಕ್ತಿಗೆ ಇಳಿದರು ಎನ್ನುತ್ತಾರೆ. ಹಾಗಾಗುತ್ತಿದೆ ಎಂದು ಕಂಡಾಗ ಭಾಗವತರಿಗೆ ಒಂದು ಉಪಾಯವಿದೆ. ಅವರು ಯಾರನ್ನೂ ಗದರಿಸುವುದಿಲ್ಲ. ತಾಳ ತಟ್ಟಿ ಮುಂದಿನ ಪದ್ಯ ಎತ್ತುತ್ತಾರೆ. ಮದ್ದಳೆ ಸೇರುತ್ತದೆ, ಕಥೆ ಮುಂದೆ ಹೋಗುತ್ತದೆ. ಇಬ್ಬರ ಮಾನವೂ ಉಳಿಯುತ್ತದೆ.

ಗೆಳೆಯರ ಗುಂಪಿನಲ್ಲಿ ಈ ಕೆಲಸ ಮಾಡಲು ಯಾರಿಗೂ ಭಾಷಣ ಬೇಕಾಗಿಲ್ಲ. ಒಬ್ಬನ ಮೇಲೆಯೇ ಮಾತು ಮೂರನೆಯ ಸಲ ಬಂದಾಗ ನಗದೇ, ‘ಹೌದು, ಈ ಸಲ ಕೊಯ್ಲು ಎಲ್ಲಿಗೆ ಬಂತು?’ ಎಂದು ಬೇರೆ ಪದ್ಯ ಎತ್ತಿದರೆ ಸಾಕು. ನಗು ಸಿಗದ ತಮಾಷೆ ಬಹಳ ದಿನ ಬದುಕುವುದಿಲ್ಲ. ನಮ್ಮ ಬ್ಯಾಚುಗಳ ವಾಟ್ಸಾಪ್ ಗುಂಪುಗಳಲ್ಲಿ ಇದು ಇನ್ನೂ ಬೇಕು. ಜಗಲಿಯಲ್ಲಿ ಹೇಳಿದವನಿಗೆ ಕೇಳುವವನ ಮುಖವಾದರೂ ಕಾಣುತ್ತದೆ. ಅಲ್ಲಿ ಮುಖ ಕಾಣುವುದಿಲ್ಲ, ಹೇಳಿದ್ದು ಅಳಿಯುವುದಿಲ್ಲ, ಹಳೆಯ ಫೋಟೋದ ಕೆಳಗೆ ನಲವತ್ತು ಜನರ ನಗುವಿನ ಚಿಹ್ನೆಗಳು ಸಾಲಾಗಿ ಬಂದು ಕೂರುತ್ತವೆ. ಆ ನಲವತ್ತರಲ್ಲಿ ಒಂದು ನಮ್ಮದಾಗಬೇಕೋ ಬೇಡವೋ ಎಂದು ಒತ್ತುವ ಮೊದಲು ಒಂದು ಕ್ಷಣ ನೋಡಿಕೊಳ್ಳೋಣ.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಹಳೆಯ ಹೆಸರುಗಳು ಮತ್ತೆ ಕೇಳಿಬರುತ್ತವೆ. ಬರಲಿ. ಕರೆದಾಗ ಅವನ ಮುಖವನ್ನೊಮ್ಮೆ ನೋಡಿ. ಅರಳಿದರೆ ಇನ್ನೆರಡು ಸಲ ಕರೆಯಿರಿ. ಅರಳದಿದ್ದರೆ, ಹಾಜರಿ ಪುಸ್ತಕದಲ್ಲಿ ಅವನಿಗೊಂದು ಹೆಸರಿದೆ, ಅವನ ಅಪ್ಪ ಅಮ್ಮ ಇಟ್ಟದ್ದು. ಆ ಹೆಸರಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.